ಮಂಕು ಕಣ್ಣಿಗೆ ಬೆಳಕಿನ ಚುಕ್ಕೆ: ಎಲ್ಲಿಡಬೇಕು, ಎಷ್ಟು ದೊಡ್ಡದಿರಬೇಕು?

ಮುಖಕ್ಕೆ ಬೆಳಕು ಸಾಕಷ್ಟು ಬಿದ್ದಿದೆ, ಫೋಕಸ್ ಕೂಡ ಕಣ್ಣಿನ ಮೇಲೇ ಇದೆ, ಆದರೂ ಕಣ್ಣಿನಲ್ಲಿ ಕಳೆಯಿಲ್ಲ. ಇಂಥ ಭಾವಚಿತ್ರವನ್ನು ಹಿಗ್ಗಿಸಿ ನೋಡಿದರೆ ಸಾಮಾನ್ಯವಾಗಿ ಕಾಣುವ ಕೊರತೆ ಒಂದೇ: ಕಣ್ಣಿನ ಮೇಲೆ ಕಿಟಕಿಯದ್ದೋ ದೀಪದ್ದೋ ಪ್ರತಿಬಿಂಬ ಮೂಡಿಲ್ಲ. ಛಾಯಾಗ್ರಾಹಕರು ಇದಕ್ಕೆ ಕ್ಯಾಚ್‌ಲೈಟ್ ಎನ್ನುತ್ತಾರೆ. ಕಂಪ್ಯೂಟರಿನಲ್ಲಿ ಎರಡು ಬಿಳಿ ಚುಕ್ಕೆ ಇಡುವುದಕ್ಕೆ ಅರ್ಧ ನಿಮಿಷ ಸಾಕು. ಆದರೆ ಹಾಗೆ ಇಟ್ಟ ಚುಕ್ಕೆ ಅಂಟಿಸಿದಂತೆ ಕಾಣುತ್ತದೆ, ಏಕೆಂದರೆ ನಿಜವಾದ ಚುಕ್ಕೆಯ ಜಾಗ, ಗಾತ್ರ, ಹೊಳಪು ಮೂರನ್ನೂ ಕಣ್ಣಿನ ರಚನೆಯೇ ನಿಗದಿಮಾಡಿರುತ್ತದೆ.

ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆ ಕಾರ್ನಿಯಾ. ಅದರ ಮೇಲೆ ಸದಾ ಕಣ್ಣೀರಿನ ತೆಳು ಪದರವಿರುವುದರಿಂದ ಅದು ಪುಟ್ಟ ಪೀನ ದರ್ಪಣದಂತೆ ಕೆಲಸ ಮಾಡುತ್ತದೆ. ಅದರ ವಕ್ರತೆಯ ತ್ರಿಜ್ಯ ಸುಮಾರು 7.8 ಮಿ.ಮೀ., ಅಂದರೆ ಸಂಗಮ ದೂರ ಅದರರ್ಧ, 3.9 ಮಿ.ಮೀ. ಪಾಪೆಯ ಸುತ್ತಲಿನ ಬಣ್ಣದ ಉಂಗುರವಾದ ಐರಿಸ್‌ನ ಅಗಲ ಹೆಚ್ಚುಕಡಿಮೆ 12 ಮಿ.ಮೀ. ಈ ಮೂರು ಅಂಕಿಗಳಿದ್ದರೆ ಚುಕ್ಕೆಯ ಲೆಕ್ಕವನ್ನು ಪಿಕ್ಸೆಲ್‌ಗಳಲ್ಲೇ ಹಾಕಬಹುದು.

ಒಂದು ಉದಾಹರಣೆ ನೋಡೋಣ. ಚಾವಣಿಯಲ್ಲಿ 60 ಸೆಂ.ಮೀ. ಚೌಕದ ಎಲ್‌ಇಡಿ ಪ್ಯಾನೆಲ್ ಇದೆ. ಅದು ಕುಳಿತವರ ಕಣ್ಣಿನಿಂದ 1.2 ಮೀಟರ್ ದೂರದಲ್ಲಿ, ಕ್ಯಾಮೆರಾ ಕಡೆಯಿಂದ ನೋಡಿದರೆ ತುಸು ಎಡಕ್ಕೆ, ಸುಮಾರು 70 ಡಿಗ್ರಿ ಎತ್ತರದಲ್ಲಿದೆ. ಅವರು ನೇರವಾಗಿ ಕ್ಯಾಮೆರಾ ನೋಡುತ್ತಿದ್ದಾರೆ. ಚಿತ್ರದಲ್ಲಿ ಐರಿಸ್ 72 ಪಿಕ್ಸೆಲ್ ಅಗಲವಿದೆ, ಅಂದರೆ ಮಿಲಿಮೀಟರಿಗೆ 6 ಪಿಕ್ಸೆಲ್.

ಮೊದಲು, ಚುಕ್ಕೆ ಏಕೆ ಮೂಡಲಿಲ್ಲ? ಕನ್ನಡಿಯಲ್ಲಿ ಪ್ರತಿಫಲನ ಕಾಣುವುದು ಕ್ಯಾಮೆರಾ ದಿಕ್ಕಿಗೂ ದೀಪದ ದಿಕ್ಕಿಗೂ ಸರಿಯಾಗಿ ನಡುವೆ ಮುಖಮಾಡಿದ ಬಿಂದುವಿನಲ್ಲಿ. ದೀಪ 70 ಡಿಗ್ರಿ ಮೇಲಿದ್ದರೆ ಆ ಬಿಂದು 35 ಡಿಗ್ರಿ ಮೇಲಕ್ಕಿರುತ್ತದೆ. 7.8 × sin 35° ಎಂದರೆ ಕಣ್ಣಿನ ನಡುಮಧ್ಯದಿಂದ ಸುಮಾರು 4.5 ಮಿ.ಮೀ. ಮೇಲೆ. ಆದರೆ ಮೇಲಿನ ರೆಪ್ಪೆ ಐರಿಸ್‌ನ ಮೇಲಂಚನ್ನು ಒಂದೆರಡು ಮಿಲಿಮೀಟರಿನಷ್ಟು ಮುಚ್ಚಿಯೇ ಇರುತ್ತದೆ. ಇಲ್ಲಿ 2 ಮಿ.ಮೀ. ಮುಚ್ಚಿದೆ ಎಂದುಕೊಳ್ಳಿ, ನಮಗೆ ಕಾಣುವುದು ನಡುವಿನಿಂದ 4 ಮಿ.ಮೀ.ವರೆಗೆ ಮಾತ್ರ. ಪ್ರತಿಬಿಂಬದ ಬಹುಪಾಲು ರೆಪ್ಪೆಯಡಿ ಅಡಗಿತು, ಉಳಿದ ಚೂರು ರೆಪ್ಪೆಗೂದಲಿನ ನೆರಳಲ್ಲಿ ಹೋಯಿತು. ನಡುಮಧ್ಯಾಹ್ನದ ಬಿಸಿಲಲ್ಲಿ ತೆಗೆದ ಚಿತ್ರಗಳಲ್ಲೂ ಕಣ್ಣು ಸತ್ತಂತೆ ಕಾಣಲು ಇದೇ ಕಾರಣ. ಅಲ್ಲಿ ಹುಬ್ಬಿನ ನೆರಳೂ ಜೊತೆ ಸೇರುತ್ತದೆ.

ಬ್ರಷ್ ಹಿಡಿಯುವ ಮೊದಲು ಮೂಲ ಫೈಲಿನಲ್ಲಿ ನೆರಳಿನ ಭಾಗವನ್ನು ಎತ್ತಿ ನೋಡಿ. ಆ ಚೂರು ಎಲ್ಲಾದರೂ ಉಳಿದಿದ್ದರೆ ಅದನ್ನೇ ಬೆಳಗಿಸಿ. ನಿಜವಾದ ಆಕಾರಕ್ಕಿಂತ ನಂಬಲರ್ಹವಾದದ್ದನ್ನು ಯಾರೂ ಬಿಡಿಸಲಾರರು.

ಏನೂ ಉಳಿದಿಲ್ಲವೆಂದರೆ ಸಣ್ಣದೊಂದು ಸುಳ್ಳು ಹೇಳಲೇಬೇಕು: ದೀಪ ಇದ್ದದ್ದಕ್ಕಿಂತ ತುಸು ಕೆಳಗಿತ್ತು ಎಂಬ ಸುಳ್ಳು. ಚುಕ್ಕೆಯ ನಡುವನ್ನು ಐರಿಸ್ ನಡುವಿನಿಂದ 3.5 ಮಿ.ಮೀ., ಅಂದರೆ 21 ಪಿಕ್ಸೆಲ್ ಮೇಲಿಟ್ಟರೆ ದೀಪ 53 ಡಿಗ್ರಿ ಎತ್ತರದಲ್ಲಿದ್ದಂತಾಗುತ್ತದೆ. ಮೂಗಿನ ನೆರಳು ಕೆಳಮುಖವಾಗಿಯೇ ಬಿದ್ದಿರುವುದರಿಂದ ಅಷ್ಟು ವ್ಯತ್ಯಾಸವನ್ನು ಕಣ್ಣು ಗುರುತಿಸುವುದಿಲ್ಲ. ಇನ್ನೂ ಕೆಳಗೆ ತಂದು ಪಾಪೆಯ ನಟ್ಟನಡುವೆ ಇಟ್ಟರೆ ಮಾತ್ರ, ಕ್ಯಾಮೆರಾದ ಮೇಲೇ ಫ್ಲ್ಯಾಶ್ ಇತ್ತು ಎಂದು ಸಾರಿದಂತೆ. ಮುಖದ ನೆರಳು ಆ ಮಾತನ್ನು ಒಪ್ಪುವುದಿಲ್ಲ.

ಗಾತ್ರದ ಲೆಕ್ಕ ಸುಲಭ. ದೀಪದ ಅಗಲವನ್ನು ಸಂಗಮ ದೂರದಿಂದ ಗುಣಿಸಿ ದೀಪದ ದೂರದಿಂದ ಭಾಗಿಸಿ: 600 × 3.9 ÷ 1200, ಅಂದರೆ 2 ಮಿ.ಮೀ.ಗೆ ತುಸು ಕಡಿಮೆ. ಸುಮಾರು 12 ಪಿಕ್ಸೆಲ್ ಅಗಲ. ಬಾಗಿದ ಕನ್ನಡಿಯ ಅಂಚಿಗೆ ಹೋದಂತೆ ಬಿಂಬ ಚಪ್ಪಟೆಯಾಗುವುದರಿಂದ ಎತ್ತರ 10 ಪಿಕ್ಸೆಲ್ ಇಡಿ. ಆಕಾರ ಚೌಕವೇ, ಆದರೆ ಬದಿಗಳು ಕೊಂಚ ಉಬ್ಬಿರಲಿ. ಹೊಸ ಲೇಯರಿನಲ್ಲಿ ಇದನ್ನು ಬಿಡಿಸಿ, 21 ಪಿಕ್ಸೆಲ್ ಮೇಲೆ, 6 ಪಿಕ್ಸೆಲ್ ಎಡಕ್ಕೆ ತಂದಿಡಿ. ರೆಪ್ಪೆಯ ಅಂಚು ನಡುವಿನಿಂದ 24 ಪಿಕ್ಸೆಲ್ ಮೇಲಿದೆ. ಚುಕ್ಕೆ 26ರವರೆಗೆ ಚಾಚುತ್ತದೆ. ಹೆಚ್ಚಾದ ಆ 2 ಪಿಕ್ಸೆಲ್‌ಗಳನ್ನು ಮಾಸ್ಕ್ ಹಾಕಿ ಅಳಿಸಿ, ಅಡ್ಡ ಬರುವ ರೆಪ್ಪೆಗೂದಲುಗಳನ್ನೂ ಸಣ್ಣ ಬ್ರಷ್‌ನಿಂದ ಮಾಸ್ಕಿನಲ್ಲೇ ಹೊರತನ್ನಿ. ರೆಪ್ಪೆಯಡಿ ಅರೆಮರೆಯಾದ ಚುಕ್ಕೆ ಕಣ್ಣಿನ ಮೇಲೆ ಕೂರುತ್ತದೆ, ಪೂರ್ತಿ ಕಾಣುವ ಚುಕ್ಕೆ ಚಿತ್ರದ ಮೇಲೆ ತೇಲುತ್ತದೆ.

ಹೊಳಪಿನ ವಿಷಯದಲ್ಲೇ ಹೆಚ್ಚಿನವರು ಎಡವುವುದು. ಕಾರ್ನಿಯಾ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಪ್ರತಿಫಲಿಸುವುದು ಶೇಕಡಾ 2ರಿಂದ 2.5ರಷ್ಟು ಮಾತ್ರ. ಹತ್ತಿರದ ದೊಡ್ಡ ಪ್ಯಾನೆಲ್ ಅಥವಾ ಕಿಟಕಿಯಾದರೆ, ಅದೇ ಬೆಳಕು ಬಿದ್ದ ಚರ್ಮದ ಹೊಳಪಿಗೂ ಕಣ್ಣಿನೊಳಗಿನ ಬಿಂಬದ ಹೊಳಪಿಗೂ ಅಂಥ ಅಂತರವಿರುವುದಿಲ್ಲ. ಕಪ್ಪು ಪಾಪೆಯ ಪಕ್ಕದಲ್ಲಿರುವುದರಿಂದ ಬಿಂಬ ಬೆಳ್ಳಗೆ ತೋರುತ್ತದೆ, ಅಷ್ಟೆ. 0ಯಿಂದ 255ರವರೆಗಿನ ಹೊಳಪಿನ ಅಳತೆಯಲ್ಲಿ ಹಣೆಯ ಬೆಳಗಿದ ಭಾಗ 190 ಇದ್ದರೆ ಚುಕ್ಕೆಗೆ 200ರಿಂದ 220 ಸಾಕು. 255ರ ಅಚ್ಚ ಬಿಳಿ ಬೇಡ. ಚರ್ಮದ ಬಣ್ಣ ಗಾಢವಾದಷ್ಟೂ ಈ ಅಂತರ ಹೆಚ್ಚುತ್ತದೆ. ಬರಿಯ ಫ್ಲ್ಯಾಶ್ ಅಥವಾ ಸೂರ್ಯನಂಥ ಪುಟ್ಟ, ತೀಕ್ಷ್ಣ ಬೆಳಕಿನ ಚುಕ್ಕೆಗೆ ಅಚ್ಚ ಬಿಳಿ ಒಪ್ಪುತ್ತದೆ, ಆದರೆ ಆಗ ಗಾತ್ರ ಒಂದೆರಡು ಪಿಕ್ಸೆಲ್‌ಗೆ ಇಳಿಯಬೇಕು. ದೊಡ್ಡದೂ ಅಚ್ಚ ಬಿಳಿಯೂ ಒಟ್ಟಿಗೆ ಬಂದರೆ ಕಣ್ಣು ಗೊಂಬೆಯದಾಗುತ್ತದೆ. ಬಣ್ಣವನ್ನು ಅದೇ ಬೆಳಕಿನಲ್ಲಿರುವ ಬಿಳಿ ಕಾಲರಿನಂಥ ವಸ್ತುವಿನಿಂದ ಎತ್ತಿಕೊಳ್ಳಿ. ಕೊನೆಗೆ `Gaussian Blur` ಅರ್ಧದಿಂದ ಒಂದು ಪಿಕ್ಸೆಲ್ ಕೊಟ್ಟು, ಅಂಚಿನ ಮೃದುತ್ವ ರೆಪ್ಪೆಗೂದಲಿನಷ್ಟೇ ಇದೆಯೇ ನೋಡಿ. ಚಿತ್ರದಲ್ಲಿ ನಾಯ್ಸ್ ಇದ್ದರೆ ಚುಕ್ಕೆಗೂ ಅಷ್ಟೇ ಸೇರಿಸಿ.

ಇಷ್ಟಕ್ಕೇ ನಿಲ್ಲಿಸಿದರೆ ಐರಿಸ್ ಇನ್ನೂ ಚಪ್ಪಟೆ. ಕಾರ್ನಿಯಾ ಕನ್ನಡಿಯಷ್ಟೇ ಅಲ್ಲದೆ ಮಸೂರವೂ ಹೌದು. ಒಳಹೊಕ್ಕ ಬೆಳಕನ್ನು ಬಾಗಿಸಿ ಐರಿಸ್‌ನ ಎದುರು ಬದಿಯಲ್ಲಿ ಒಟ್ಟುಗೂಡಿಸುತ್ತದೆ. ಎಡ ಮೇಲಿನಿಂದ ಬಂದ ಬೆಳಕು ಬಲ ಕೆಳಗೆ ಅರ್ಧಚಂದ್ರದಂತೆ ಹೊಳೆಯುತ್ತದೆ. ನಮ್ಮ ಚಿತ್ರದಲ್ಲಿ ಗಡಿಯಾರದ ನಾಲ್ಕರಿಂದ ಏಳರ ನಡುವೆ, `Soft Light` ಲೇಯರಿನಲ್ಲಿ ಶೇಕಡಾ 10ರ ಮೃದು ಬ್ರಷ್ ಎರಡು ಮೂರು ಬಾರಿ ಎಳೆದರೆ ಸಾಕು. ಕಡುಕಂದು ಐರಿಸ್‌ಗೆ ಬಿಳಿಯ ಬದಲು ಜೇನುಬಣ್ಣ ಬಳಸಿ, ಬಿಳಿ ಬಳಿದರೆ ಬೂದಿ ಮೆತ್ತಿದಂತಾಗುತ್ತದೆ. ಪಾಪೆಗೂ ಐರಿಸ್‌ನ ಹೊರಗಿನ ಕಪ್ಪು ಉಂಗುರಕ್ಕೂ ಬ್ರಷ್ ತಾಗಕೂಡದು. ಪಾಪೆ ಒಂದಿಷ್ಟು ಮಸುಕಾದರೂ ಕಣ್ಣಿಗೆ ಪೊರೆ ಬಂದಂತೆ ಕಾಣುತ್ತದೆ. ಕಣ್ಣಿನ ಬಿಳಿಭಾಗವನ್ನು ಹಾಗೆಯೇ ಬಿಡಿ.

ಎರಡನೆಯ ಕಣ್ಣಿಗೆ ಲೇಯರನ್ನು ನಕಲು ಮಾಡಿ ಸರಿಸಿ, ಎಡಬಲ ತಿರುಗಿಸಬೇಡಿ. ದೀಪ ಒಂದೇ, ಆದ್ದರಿಂದ ಎರಡೂ ಕಣ್ಣಿನಲ್ಲಿ ಚುಕ್ಕೆ ಎಡಕ್ಕೇ ಇರಬೇಕು. ತಿರುಗಿಸಿದರೆ ನೋಟ ಮಾಲುಗಣ್ಣಿನಂತಾಗುತ್ತದೆ. ರೆಪ್ಪೆಯ ಅಂಚು ಎರಡೂ ಕಡೆ ಒಂದೇ ಥರ ಇರುವುದಿಲ್ಲವಾದ್ದರಿಂದ ಮಾಸ್ಕನ್ನು ಮಾತ್ರ ಹೊಸದಾಗಿ ಬಿಡಿಸಿ. ಮುಖ ಓರೆಯಾಗಿದ್ದು ದೂರದ ಕಣ್ಣು ಫೋಕಸ್ ತಪ್ಪಿದ್ದರೆ ಅಲ್ಲಿಯ ಚುಕ್ಕೆಗೆ ಮಸುಕು ಹೆಚ್ಚು ಬೇಕು.

ದೃಷ್ಟಿ ಕ್ಯಾಮೆರಾದತ್ತ ಇಲ್ಲದಿದ್ದರೆ ಇನ್ನೊಂದು ತಿದ್ದುಪಡಿ ಇದೆ. ಕಣ್ಣು ಪಕ್ಕಕ್ಕೆ ತಿರುಗಿದಾಗ ಐರಿಸ್ ಹೊರಳಿದಷ್ಟು ಚುಕ್ಕೆ ಸರಿಯುವುದಿಲ್ಲ, ಸುಮಾರು ಅರ್ಧದಷ್ಟು ಮಾತ್ರ ಹಿಂಬಾಲಿಸುತ್ತದೆ. ಹಾಗಾಗಿ ಬಲಕ್ಕೆ ನೋಡುವ ಕಣ್ಣಿನಲ್ಲಿ ಚುಕ್ಕೆಯನ್ನು ಐರಿಸ್‌ಗೆ ಹೋಲಿಸಿ ಇನ್ನಷ್ಟು ಎಡಕ್ಕೆ ಇಡಿ. 400% ಹಿಗ್ಗಿಸಿ ಕೆಲಸ ಮುಗಿಸಿ, 100%ಕ್ಕೆ ಇಳಿಸಿ ಲೇಯರನ್ನು ಆಫ್-ಆನ್ ಮಾಡಿ. ಮೊದಲು ಮುಖ ಕಾಣದೆ ಚುಕ್ಕೆಯೇ ಕಣ್ಣಿಗೆ ಹೊಡೆದರೆ ಒಪಾಸಿಟಿಯನ್ನು ಕಾಲುಭಾಗ ಇಳಿಸಿ.