500 ಮಿಲಿಆಂಪ್-ಅವರ್ ಸೆಲ್‌ಗೆ TP4056 ಹೊಂದಿಸುವುದು: ಸ್ಥಿರ ಕರೆಂಟ್, ಸ್ಥಿರ ವೋಲ್ಟೇಜ್, ಆಮೇಲೆ ರಕ್ಷಣೆ

ಲಿಥಿಯಂ-ಅಯಾನ್ ಸೆಲ್ ಚಾರ್ಜ್ ಮಾಡಲು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ TP4056 ಚಿಪ್‌ನ ಮಾಡ್ಯೂಲ್ ಸಾಮಾನ್ಯವಾಗಿ 1 ಆಂಪ್ ಚಾರ್ಜಿಂಗ್‌ಗೆ ಹೊಂದಿಸಿರುತ್ತದೆ. 2600 ಮಿಲಿಆಂಪ್-ಅವರ್‌ನ 18650 ಸೆಲ್‌ಗೆ ಅದು ಹಿತವಾದ ಕರೆಂಟ್. ಅದನ್ನೇ 500 ಮಿಲಿಆಂಪ್-ಅವರ್‌ನ ತೆಳ್ಳನೆಯ ಪೌಚ್ ಸೆಲ್‌ಗೆ ಹಾಕಿದರೆ 2C ಆಗುತ್ತದೆ, ಅಂದರೆ ಸೆಲ್‌ನ ಸಾಮರ್ಥ್ಯದ ಅಂಕಿಗಿಂತ ಎರಡು ಪಟ್ಟು ಕರೆಂಟ್. ಇಂಥ ಸೆಲ್‌ಗಳಿಗೆ ರೂಢಿಯಲ್ಲಿ 0.5C, ಹೆಚ್ಚೆಂದರೆ 1C. ತಯಾರಕರ ದತ್ತಾಂಶ ಹಾಳೆ ಕೈಯಲ್ಲಿ ಇಲ್ಲದಿದ್ದರೆ 0.5C ದಾಟಬೇಡಿ.

ಕರೆಂಟ್ ಜಾಸ್ತಿಯಾದರೆ ಒಳಗೆ ಆಗುವುದೇನು? ಚಾರ್ಜ್ ಆಗುವಾಗ ಲಿಥಿಯಂ ಅಯಾನುಗಳು ಗ್ರಾಫೈಟ್ ಪದರಗಳ ಒಳಗೆ ಹೋಗಿ ಕೂರಬೇಕು. ಒಳಹೋಗುವ ವೇಗಕ್ಕಿಂತ ಬೇಗ ಬಂದು ಸೇರಿದರೆ ಅವು ಗ್ರಾಫೈಟ್‌ನ ಮೇಲೇ ಲೋಹವಾಗಿ ಕೂರುತ್ತವೆ. ಹಾಗೆ ಕೂತ ಲಿಥಿಯಂನಲ್ಲಿ ಒಂದು ಪಾಲು ಮತ್ತೆ ಬಳಕೆಗೆ ಬರುವುದಿಲ್ಲ, ಸಾಮರ್ಥ್ಯ ಕುಸಿಯುತ್ತದೆ. ಅದು ಸೂಜಿಯಂತೆ ಬೆಳೆದು ನಡುವಿನ ತೆಳುಪೊರೆ ತೂರಿದರೆ ಒಳಗೇ ಶಾರ್ಟ್. 0 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರುವ ಸೆಲ್ ಚಾರ್ಜ್ ಮಾಡಬಾರದು ಎನ್ನುವುದಕ್ಕೂ ಕಾರಣ ಇದೇ: ಚಳಿಯಲ್ಲಿ ಅಯಾನುಗಳು ಒಳಗೆ ಹೋಗುವುದು ನಿಧಾನ.

ಕರೆಂಟ್ ತಗ್ಗಿಸಲು ಒಂದೇ ಒಂದು ರೆಸಿಸ್ಟರ್ ಬದಲಿಸಿದರೆ ಸಾಕು. ಚಿಪ್‌ನ 2ನೇ ಕಾಲು, ಅಂದರೆ PROG, ಒಂದು ರೆಸಿಸ್ಟರ್ ಮೂಲಕ ಗ್ರೌಂಡ್‌ಗೆ ಸೇರಿದೆ. ಮಾಡ್ಯೂಲ್‌ನಲ್ಲಿ ಅದರ ಮೇಲೆ 122 ಎಂದಿರುತ್ತದೆ, ಅಂದರೆ 1.2 ಕಿಲೋಓಮ್. ಪೂರ್ಣ ಕರೆಂಟ್ ಹರಿಯುವಾಗ ಆ ಕಾಲಿನ ವೋಲ್ಟೇಜ್, ಅಂದರೆ Vprog, 1 ವೋಲ್ಟ್. ಲೆಕ್ಕ ಹೀಗಿದೆ:

```
I (A) = Vprog / Rprog × 1200
1.2 kΩ: 1 / 1200 × 1200 = 1.0 A
4.7 kΩ: 1 / 4700 × 1200 = 0.255 A
```

ಹಳೆಯ ರೆಸಿಸ್ಟರ್ ತೆಗೆದು 4.7 ಕಿಲೋಓಮ್ ಬೆಸೆದರೆ ನಮ್ಮ ಸೆಲ್‌ಗೆ ಸುಮಾರು 255 ಮಿಲಿಆಂಪ್, ಅಂದರೆ 0.5C ಸಿಗುತ್ತದೆ. ಈ ಕೆಲಸವನ್ನು ಸೆಲ್ ಜೋಡಿಸುವ ಮೊದಲೇ ಮುಗಿಸಿ. ಬೆಸುಗೆ ಸರಿ ಕೂತಿದೆಯೇ ಎಂದು 2ನೇ ಕಾಲಿನಿಂದ ಗ್ರೌಂಡ್‌ಗೆ ಮಲ್ಟಿಮೀಟರ್‌ನಲ್ಲಿ ಓಮ್ ಅಳೆದು ನೋಡಿ. ಸೆಲ್‌ನ ಕನೆಕ್ಟರ್ ನೋಡಲು ಒಂದೇ ತರಹ ಇದ್ದರೂ ಪ್ಲಸ್-ಮೈನಸ್ ಒಬ್ಬ ತಯಾರಕರಿಂದ ಇನ್ನೊಬ್ಬರಿಗೆ ಅದಲುಬದಲು ಆಗಿರುತ್ತದೆ. ತಂತಿಯ ಬಣ್ಣ ನಂಬದೆ ಮೀಟರ್ ಹಿಡಿದು ನೋಡಿಯೇ ಜೋಡಿಸಿ, ಉಲ್ಟಾ ಹಾಕಿದರೆ ಚಿಪ್ ಸುಡುತ್ತದೆ.

PROG ಕಾಲು ಕಲಿಯುವವರಿಗೆ ಒಂದು ಕಿಟಕಿ ಇದ್ದ ಹಾಗೆ. ಅಲ್ಲಿನ ವೋಲ್ಟೇಜ್ ಚಾರ್ಜಿಂಗ್ ಕರೆಂಟ್‌ಗೆ ತಕ್ಕಂತೆ ಏರಿಳಿಯುತ್ತದೆ. ಸೆಲ್ ಜತೆ ಸರಣಿಯಲ್ಲಿ ಅಮ್ಮೀಟರ್ ಹಾಕಿದರೆ ಅದರಲ್ಲೇ ಒಂದಷ್ಟು ವೋಲ್ಟೇಜ್ ಕಳೆದು ಅಳತೆ ತಪ್ಪುತ್ತದೆ. ಅದರ ಬದಲು ಮೀಟರನ್ನು ವೋಲ್ಟ್‌ಗೆ ಇಟ್ಟು 2ನೇ ಕಾಲಿಗೂ ಗ್ರೌಂಡ್‌ಗೂ ಹಿಡಿಯಿರಿ.

ಸೆಲ್ 3.5 ವೋಲ್ಟ್‌ನಲ್ಲಿ ಇದ್ದಾಗ 5 ವೋಲ್ಟ್ ಕೊಟ್ಟರೆ PROG 1 ವೋಲ್ಟ್ ತೋರಿಸುತ್ತದೆ. ಇದು ಸ್ಥಿರ ಕರೆಂಟ್ ಹಂತ: 255 ಮಿಲಿಆಂಪ್ ಹಾಗೇ ಹರಿಯುತ್ತದೆ, ಸೆಲ್‌ನ ವೋಲ್ಟೇಜ್ ಮೆಲ್ಲಗೆ ಏರುತ್ತದೆ. ಸೆಲ್ 2.9 ವೋಲ್ಟ್‌ಗಿಂತ ಕೆಳಗಿದ್ದರೆ ಚಿಪ್ ಮೊದಲು ಹತ್ತನೇ ಒಂದು ಭಾಗ, ಅಂದರೆ ಸುಮಾರು 25 ಮಿಲಿಆಂಪ್ ಮಾತ್ರ ಕೊಟ್ಟು ಸೆಲ್ ಚೇತರಿಸಿಕೊಳ್ಳುತ್ತದೆಯೇ ನೋಡುತ್ತದೆ. ಆಗ PROG 0.1 ವೋಲ್ಟ್. ಅರ್ಧ ಗಂಟೆಯಾದರೂ 2.9 ದಾಟದ ಸೆಲ್ ಅನುಮಾನದ್ದು. ತೀರಾ ಬರಿದಾದ ಸೆಲ್‌ನಲ್ಲಿ ತಾಮ್ರದ ಹಾಳೆ ಕರಗಿ, ಮತ್ತೆ ಚಾರ್ಜ್ ಮಾಡುವಾಗ ಬೇಡದ ಜಾಗದಲ್ಲಿ ಕೂತು ಶಾರ್ಟ್‌ಗೆ ದಾರಿ ಮಾಡುತ್ತದೆ. ಅಂಥದ್ದನ್ನು ಬದುಕಿಸಲು ಹೋಗಬೇಡಿ, ಇ-ತ್ಯಾಜ್ಯಕ್ಕೆ ಕೊಡಿ.

ಸೆಲ್ 4.2 ವೋಲ್ಟ್ ಮುಟ್ಟಿತು ಎಂದರೆ ತುಂಬಿತು ಎಂದಲ್ಲ. ಸೆಲ್‌ಗೆ ಒಳರೋಧ ಇದೆ. ಅದು 0.2 ಓಮ್ ಎಂದುಕೊಳ್ಳಿ. 255 ಮಿಲಿಆಂಪ್ ಹರಿಯುವಾಗ ಅದರಲ್ಲಿ 0.05 ವೋಲ್ಟ್ ಕಳೆಯುತ್ತದೆ, ಹಾಗಾಗಿ ಹೊರಗೆ 4.20 ಕಂಡರೂ ಒಳಗೆ 4.15 ಮಾತ್ರ. 1 ಆಂಪ್ ಕೊಟ್ಟಿದ್ದರೆ ಕಳೆಯುವುದು 0.2 ವೋಲ್ಟ್, ಒಳಗಿರುವುದು ಬರೀ 4.0. ಜೋರಾಗಿ ಚಾರ್ಜ್ ಮಾಡಿದರೆ ಸಮಯ ಬಹಳ ಉಳಿಯುತ್ತದೆ ಎನ್ನುವ ಲೆಕ್ಕ ಇಲ್ಲಿ ತಪ್ಪುತ್ತದೆ: 4.2 ಬೇಗ ಬರುತ್ತದೆ, ಆದರೆ ತುಂಬದೆ ಉಳಿದ ಪಾಲೂ ದೊಡ್ಡದಾಗಿರುತ್ತದೆ. ಒಳರೋಧದ ಬಿಸಿ ಮಾತ್ರ ಸುಮಾರು 15 ಪಟ್ಟು.

ಆ ಉಳಿದ ಪಾಲನ್ನು ತುಂಬುವುದೇ ಸ್ಥಿರ ವೋಲ್ಟೇಜ್ ಹಂತದ ಕೆಲಸ. ಚಿಪ್ ಈಗ 4.2 ವೋಲ್ಟ್ ಬಿಗಿಯಾಗಿ ಹಿಡಿಯುತ್ತದೆ, ಒಳಗಿನ ವೋಲ್ಟೇಜ್ ಹತ್ತಿರವಾದಂತೆ ಕರೆಂಟ್ ತಾನಾಗಿ ಇಳಿಯುತ್ತದೆ. PROG 0.8, 0.5, 0.3 ಎಂದು ಇಳಿಯುವುದನ್ನು ಹತ್ತು ನಿಮಿಷಕ್ಕೊಮ್ಮೆ ಬರೆದುಕೊಂಡರೆ ನಿಮ್ಮದೇ ಗ್ರಾಫ್ ಸಿದ್ಧ. 0.1 ವೋಲ್ಟ್ ಬಂದಾಗ, ಅಂದರೆ ಸುಮಾರು 25 ಮಿಲಿಆಂಪ್‌ನಲ್ಲಿ, ಚಿಪ್ ಚಾರ್ಜಿಂಗ್ ನಿಲ್ಲಿಸಿ ಇನ್ನೊಂದು ದೀಪ ಹಚ್ಚುತ್ತದೆ. ಒಟ್ಟು ಎರಡೂವರೆ ಗಂಟೆಯ ಆಸುಪಾಸು ಹಿಡಿಯುತ್ತದೆ. ಸೆಲ್ ಮತ್ತೆ 4.05 ವೋಲ್ಟ್‌ಗೆ ಇಳಿದರೆ ಚಾರ್ಜಿಂಗ್ ಪುನಃ ಶುರು.

ಇಲ್ಲೇ ಒಂದು ತಪ್ಪು ನುಸುಳುವುದು. ಚಾರ್ಜ್ ಆಗುವಾಗಲೇ OUT ತುದಿಗಳಲ್ಲಿ 60 ಮಿಲಿಆಂಪ್ ಎಳೆಯುವ ಸರ್ಕ್ಯೂಟ್ ಓಡುತ್ತಿದ್ದರೆ ಚಿಪ್ ಕಾಣುವ ಕರೆಂಟ್ 25ಕ್ಕೆ ಇಳಿಯುವುದೇ ಇಲ್ಲ. ಈ ಚಿಪ್‌ನಲ್ಲಿ ಸಮಯದ ಮಿತಿಯೂ ಇಲ್ಲ, ಹಾಗಾಗಿ ಸೆಲ್ ದಿನಗಟ್ಟಲೆ 4.2ರಲ್ಲೇ ಕೂತು ಸವೆಯುತ್ತದೆ. ಚಾರ್ಜಿಂಗ್ ವೇಳೆ ಲೋಡ್ ಬೇರ್ಪಡಿಸಿ. ಲೋಡ್ ಇಲ್ಲದೆಯೂ ನಾಲ್ಕು ಗಂಟೆ ದಾಟಿ PROG ಇಳಿಯದಿದ್ದರೆ ಸೆಲ್ ಒಳಗೇ ಸೋರುತ್ತಿದೆ ಎಂದು ತಿಳಿದು ಕೈಬಿಡಿ.

ಇನ್ನು ರಕ್ಷಣೆ. ಆರು ಕಾಲಿನ DW01A ಎಂಬ ರಕ್ಷಣಾ ಚಿಪ್ ಮತ್ತು ಅದರ ಪಕ್ಕದ ಜೋಡಿ ಮಾಸ್‌ಫೆಟ್ ಇರುವ ಮಾಡ್ಯೂಲನ್ನೇ ಕೊಳ್ಳಿ. DW01A ಸೆಲ್ ಸುಮಾರು 4.3 ವೋಲ್ಟ್ ದಾಟಿದರೆ ಚಾರ್ಜಿಂಗ್ ಕಡಿಯುತ್ತದೆ, ಸುಮಾರು 2.4ಕ್ಕೆ ಇಳಿದರೆ ಲೋಡ್ ಕಡಿಯುತ್ತದೆ. ಇವು ಕೊನೆಯ ಬೇಲಿಗಳು, ದಿನನಿತ್ಯದ ಗಡಿಗಳಲ್ಲ. ತುಂಬಿದ ಮೇಲೆ ನಿಲ್ಲಿಸುವ ಕೆಲಸ TP4056ನದು. ಅದು ಕೆಟ್ಟರೆ ಮಾತ್ರ 4.3ರ ಬೇಲಿ ಕೆಲಸಕ್ಕೆ ಬರುತ್ತದೆ. ಕೆಳಗಡೆ 2.4 ತುಂಬಾ ಆಳ. ಮೈಕ್ರೊಕಂಟ್ರೋಲರ್ ಇದ್ದರೆ 3.2 ವೋಲ್ಟ್‌ನಲ್ಲೇ ಮಲಗುವಂತೆ ಬರೆಯಿರಿ.

ಮಾಸ್‌ಫೆಟ್‌ಗಳು ಇರುವುದು ಮೈನಸ್ ದಾರಿಯಲ್ಲಿ, ಸೆಲ್‌ನ ಮೈನಸ್ ಸೇರುವ B− ಮತ್ತು OUT− ನಡುವೆ. ಆದ್ದರಿಂದ ಲೋಡ್‌ನ ಗ್ರೌಂಡನ್ನು B−ಗೆ ಬೆಸೆದರೆ ರಕ್ಷಣೆಯನ್ನೇ ತಪ್ಪಿಸಿ ಹೋದಂತೆ. ಎಲ್ಲ ಸರಿಯಾಗಿ ಓಡುತ್ತದೆ, ಸೆಲ್ ಬರಿದಾಗುವವರೆಗೆ ತಪ್ಪು ಕಾಣುವುದೇ ಇಲ್ಲ. ಹೊಸದಾಗಿ ಸೆಲ್ ಜೋಡಿಸಿದಾಗ OUTನಲ್ಲಿ ವೋಲ್ಟೇಜ್ ಬಾರದಿದ್ದರೆ ಗಾಬರಿ ಬೇಡ, ಒಮ್ಮೆ 5 ವೋಲ್ಟ್ ಕೊಟ್ಟರೆ DW01A ಎಚ್ಚರಗೊಳ್ಳುತ್ತದೆ.

ಸೆಲ್‌ನ ಬಿಸಿ ಮಾತ್ರ ಈ ಮಾಡ್ಯೂಲ್‌ಗೆ ಗೊತ್ತಾಗುವುದಿಲ್ಲ. 1ನೇ ಕಾಲು TEMP ಅದಕ್ಕೆಂದೇ ಇದೆ, ಆದರೆ ಅಗ್ಗದ ಮಾಡ್ಯೂಲ್‌ಗಳಲ್ಲಿ ಅದನ್ನು ಗ್ರೌಂಡ್‌ಗೆ ಕಟ್ಟಿ ಸುಮ್ಮನಾಗಿಸಿರುತ್ತಾರೆ. ಬಿಸಿಲಿಗೆ ಇಡುವ ಪೆಟ್ಟಿಗೆಯಾದರೆ ಆ ಕಾಲು ಎತ್ತಿ 10 ಕಿಲೋಓಮ್ ಥರ್ಮಿಸ್ಟರ್ ಮತ್ತು ಎರಡು ರೆಸಿಸ್ಟರ್ ಜೋಡಿಸಬೇಕು. ಅಲ್ಲಿನ ವೋಲ್ಟೇಜ್ ಸರಬರಾಜಿನ ಶೇ. 45ಕ್ಕಿಂತ ಕೆಳಗೆ ಅಥವಾ ಶೇ. 80ಕ್ಕಿಂತ ಮೇಲೆ ಹೋದರೆ ಚಾರ್ಜಿಂಗ್ ನಿಲ್ಲುತ್ತದೆ. ಎರಡು ರೆಸಿಸ್ಟರ್‌ಗಳ ಓಮ್ ಮೌಲ್ಯವನ್ನು 0 ಮತ್ತು 45 ಡಿಗ್ರಿಯಲ್ಲಿ ಈ ಗಡಿಗಳು ಬರುವಂತೆ ಆರಿಸಿ, ಥರ್ಮಿಸ್ಟರನ್ನು ಸೆಲ್‌ನ ಮೈಗೇ ಅಂಟಿಸಿ. ಚಿಪ್ ಪಕ್ಕ ಅಂಟಿಸಿದರೆ ಅದು ಚಿಪ್‌ನ ಬಿಸಿಯನ್ನು ಅಳೆಯುತ್ತದೆ.