ಅರ್ಜಿ ಕಳಿಸಿದ ಮೇಲೆ ಹೆಸರು, ಅಂಕ ತಪ್ಪಾಗಿದೆ ಅಂತ ಗೊತ್ತಾದರೆ

ವಿಶ್ವವಿದ್ಯಾಲಯದ ಪ್ರವೇಶ ವಿಭಾಗದಲ್ಲಿ ದಾಖಲೆ ಪರಿಶೀಲಿಸುವುದು ನನ್ನ ಕೆಲಸ. ಒಂದು ಬೆಳಿಗ್ಗೆ ಒಬ್ಬ ಹುಡುಗಿ ಅಣ್ಣನ ಜೊತೆ ನನ್ನ ಟೇಬಲ್ ಹತ್ತಿರ ಬಂದಳು. ಹೆಸರು ಬದಲಿಸಿ ಅವಳನ್ನು ಸೌಮ್ಯ ಅಂತ ಕರೆಯುತ್ತೇನೆ. ಎರಡು ದಿನದ ಹಿಂದೆ ರಾತ್ರಿ ಅಣ್ಣ ಕೂತು ಅರ್ಜಿ ತುಂಬಿಸಿದ್ದ. ಶುಲ್ಕವನ್ನೂ ಕಟ್ಟಿಯಾಗಿತ್ತು. ಬೆಳಿಗ್ಗೆ ಪ್ರಿಂಟ್ ತೆಗೆದಾಗ ಹೆಸರೂ ಅಂಕವೂ ಮಾರ್ಕ್ಸ್ ಕಾರ್ಡಿಗೆ ಹೊಂದುತ್ತಿಲ್ಲ ಅಂತ ಗೊತ್ತಾಯಿತು. "ಮೇಡಂ, ಬೇರೆ ಇಮೇಲ್ ಹಾಕಿ ಹೊಸ ಅರ್ಜಿ ಅರ್ಧ ತುಂಬಿದ್ದೀನಿ, ಅದನ್ನೇ ಕಳಿಸಿಬಿಡ್ಲಾ?" ಅಂತ ಅಣ್ಣ ಕೇಳಿದ.

ನಾನು ಮೊದಲು ತಡೆದದ್ದು ಅದನ್ನೇ. ಎರಡನೇ ಅರ್ಜಿಯಲ್ಲಿ ಇಮೇಲ್ ಬೇರೆ ಇರಬಹುದು, ಆದರೆ ಪರೀಕ್ಷೆಯ ನೋಂದಣಿ ಸಂಖ್ಯೆ ಅದೇ ಇರುತ್ತದೆ. ಪಟ್ಟಿ ತಯಾರಿಸುವಾಗ ಒಂದೇ ಸಂಖ್ಯೆಯ ಎರಡು ಅರ್ಜಿಗಳು ಸುಲಭವಾಗಿ ಸಿಕ್ಕಿಬೀಳುತ್ತವೆ. ಕೆಲವು ಕಡೆ ಕೊನೆಯದನ್ನು ಮಾತ್ರ ಇಟ್ಟುಕೊಳ್ಳುತ್ತಾರೆ, ಕೆಲವು ಕಡೆ ಎರಡನ್ನೂ ತಡೆಹಿಡಿಯುತ್ತಾರೆ. ಕಟ್ಟಿದ ದುಡ್ಡು ಹಳೆಯ ಅರ್ಜಿಯ ಹೆಸರಿನಲ್ಲೇ ಉಳಿಯುತ್ತದೆ. ಹಾಗಾಗಿ ಸೂಚನೆಯಲ್ಲೇ ಹೊಸ ಅರ್ಜಿ ಹಾಕಿ ಅಂತ ಬರೆದಿದ್ದರೆ ಮಾತ್ರ ಹೊಸದು. ಇಲ್ಲದಿದ್ದರೆ ಇರುವುದನ್ನೇ ತಿದ್ದಬೇಕು.

ಆಮೇಲೆ ಎರಡೂ ಕಾಗದಗಳನ್ನು ಪಕ್ಕಪಕ್ಕ ಇಟ್ಟೆವು. ಎಡಕ್ಕೆ ಮಾರ್ಕ್ಸ್ ಕಾರ್ಡ್, ಬಲಕ್ಕೆ ಸಲ್ಲಿಸಿದ ಅರ್ಜಿಯ ಪ್ರಿಂಟ್. ಸೌಮ್ಯ ಮಾರ್ಕ್ಸ್ ಕಾರ್ಡನ್ನು ಒಂದೊಂದೇ ಅಕ್ಷರ, ಒಂದೊಂದೇ ಅಂಕಿ ಜೋರಾಗಿ ಓದಿದಳು. ಅಣ್ಣ ಅರ್ಜಿಯಲ್ಲಿ ಬೆರಳಿಟ್ಟು ನೋಡಿದ. ಒಬ್ಬರೇ ಓದಿದರೆ ನಮ್ಮ ಹೆಸರನ್ನು ಕಣ್ಣು ಓದುವುದಿಲ್ಲ, ನೆನಪು ಓದುತ್ತದೆ. ಇಬ್ಬರು ಕೂತರೆ ಹತ್ತು ನಿಮಿಷದ ಕೆಲಸ. ನೋಡಿದ ಒಂದು ತಪ್ಪಿನ ಜೊತೆ ನೋಡದ ಇನ್ನೊಂದೂ ಸಿಗುತ್ತದೆ.

ಮಾರ್ಕ್ಸ್ ಕಾರ್ಡಿನಲ್ಲಿ ಹೆಸರು SOWMYA R ಅಂತ ಇತ್ತು. ಅರ್ಜಿಯಲ್ಲಿ SOUMYA RAMESH. ಅಣ್ಣ ಗುರುತಿನ ಚೀಟಿ ನೋಡಿ ಬರೆದಿದ್ದ. ಕನ್ನಡದಲ್ಲಿ ಇದು ಒಂದೇ ಹೆಸರು. ಓದುವಾಗ ಯಾರಿಗೂ ವ್ಯತ್ಯಾಸವೇ ಕೇಳಿಸುವುದಿಲ್ಲ. ಲತಾ ಅನ್ನುವುದನ್ನು ಒಬ್ಬರು h ಹಾಕಿ ಬರೆಯುತ್ತಾರೆ, ಇನ್ನೊಬ್ಬರು ಹಾಕದೆ ಬರೆಯುತ್ತಾರೆ. ಆದರೆ ಕಂಪ್ಯೂಟರಿಗೆ ಉಚ್ಚಾರ ಗೊತ್ತಿಲ್ಲ. W ಜಾಗದಲ್ಲಿ U ಬಂದರೆ ಅದಕ್ಕೆ ಅದು ಬೇರೆ ಮನುಷ್ಯ. ಇನಿಶಿಯಲ್ ಬಿಡಿಸಿ ಬರೆದದ್ದೂ ಅಷ್ಟೇ. ಅರ್ಜಿಯಲ್ಲಿ ಪೂರ್ತಿ ಹೆಸರು ಅಂತ ಕೇಳಿದಾಗ ಎಲ್ಲರೂ ಇನಿಶಿಯಲ್ ಬಿಡಿಸಿ ಬರೆಯುತ್ತಾರೆ. ಅಲ್ಲಿ ಸಾಮಾನ್ಯವಾಗಿ ಕೇಳುತ್ತಿರುವುದು ಮಾರ್ಕ್ಸ್ ಕಾರ್ಡಿನಲ್ಲಿ ಇರುವಷ್ಟನ್ನೇ.

ಇನ್ನು ಅಂಕ. ಕಾರ್ಡಿನಲ್ಲಿ ಒಟ್ಟು 600ಕ್ಕೆ 564 ಇತ್ತು, ಅಂದರೆ ಶೇ. 94. ಅರ್ಜಿಯಲ್ಲಿ 546 ಅಂತ ಬಿದ್ದಿತ್ತು, ಅಂದರೆ ಶೇ. 91. ಅಂಕ ಹೊಂದದೆ ಇದ್ದಾಗ ನಾನು ಮೊದಲು ಎರಡರ ವ್ಯತ್ಯಾಸ ನೋಡುತ್ತೇನೆ. ಇಲ್ಲಿ ಅದು 18. ಪಕ್ಕಪಕ್ಕದ ಎರಡು ಅಂಕಿ ಅದಲು ಬದಲಾದರೆ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. 18 ಭಾಗವಾಯಿತು, 64 ಹೋಗಿ 46 ಆಗಿದ್ದೂ ಕಣ್ಣಿಗೆ ಕಂಡಿತು. ಟೈಪ್ ಮಾಡುವಾಗ ಆದ ತಪ್ಪು, ಅಷ್ಟೇ. ವ್ಯತ್ಯಾಸ 9ರಿಂದ ಭಾಗವಾಗದೆ ಇದ್ದರೆ ಬೇರೆ ಕಾರಣ ಹುಡುಕಬೇಕು.

ಆ ಬೇರೆ ಕಾರಣ ಹೆಚ್ಚಾಗಿ ಒಟ್ಟು ಮಾಡಿದ ರೀತಿಯಲ್ಲೇ ಇರುತ್ತದೆ. ಸೌಮ್ಯಳ ಕಾರ್ಡನ್ನೇ ತೆಗೆದುಕೊಳ್ಳಿ. ನಾಲ್ಕು ಮುಖ್ಯ ವಿಷಯಗಳಲ್ಲಿ 91, 94, 97, 96. ಒಟ್ಟು 400ಕ್ಕೆ 378, ಶೇ. 94.5. ಎರಡು ಭಾಷೆಗಳಲ್ಲಿ 92 ಮತ್ತು 94 ಸೇರಿದರೆ 564. ಕೆಲವು ಕೋರ್ಸಿಗೆ ಮುಖ್ಯ ವಿಷಯಗಳ ಅಂಕ ಮಾತ್ರ ಕೇಳುತ್ತಾರೆ. ಆಗ ಗಳಿಸಿದ ಅಂಕದ ಜಾಗದಲ್ಲಿ 378 ಬರೆದು, ಗರಿಷ್ಠ ಅಂಕದ ಜಾಗದಲ್ಲಿ 600 ಬಿಟ್ಟರೆ ಶೇಕಡಾ 63 ಆಗಿಬಿಡುತ್ತದೆ. ಅಂಕ ಸರಿಯಾಗೇ ಇರುತ್ತದೆ, ತಪ್ಪಿರುವುದು ಕೆಳಗಿನ ಅಂಕಿ. ಮರುಮೌಲ್ಯಮಾಪನದಲ್ಲಿ ಅಂಕ ಬದಲಾಗಿದ್ದರೂ ಹೊಂದುವುದಿಲ್ಲ. ಆಗ ಅದು ತಪ್ಪು ಅಲ್ಲ, ಹೊಸ ಅಂಕಪಟ್ಟಿ ಅಪ್‌ಲೋಡ್ ಮಾಡಿ ತಿಳಿಸಬೇಕಾದ ವಿಷಯ.

"ಕಡಿಮೆ ತಾನೇ ಬರೆದಿರೋದು, ಯಾರು ಬೈತಾರೆ? ಸುಮ್ನೆ ಬಿಟ್ರೆ ಆಗಲ್ವಾ?" ಅಂತ ಸೌಮ್ಯ ಕೇಳಿದಳು. ಈ ಪ್ರಶ್ನೆ ನನಗೆ ತುಂಬಾ ಸಲ ಬರುತ್ತದೆ, ಕೇಳಿದಾಗಲೆಲ್ಲ ಎದೆ ಧಸಕ್ ಅನ್ನುತ್ತದೆ. ಜಾಸ್ತಿ ಬರೆದಿದ್ದರೆ ದಾಖಲೆ ಪರಿಶೀಲನೆಯಲ್ಲಿ ಸಿಕ್ಕಿಬೀಳುತ್ತದೆ. ಅಂಕ ಇಳಿಸುತ್ತಾರೆ, ರ‍್ಯಾಂಕ್ ಕೆಳಗೆ ಹೋಗುತ್ತದೆ. ಸುಳ್ಳು ಮಾಹಿತಿ ಅಂತ ತೀರ್ಮಾನಿಸಿದರೆ ಸೀಟೇ ರದ್ದಾಗಬಹುದು, ಯಾಕೆಂದರೆ ಅರ್ಜಿಯ ಕೊನೆಯಲ್ಲಿ ಅದಕ್ಕೆ ಒಪ್ಪಿ ಟಿಕ್ ಹಾಕಿರುತ್ತೇವೆ. ಕಡಿಮೆ ಬರೆದಿದ್ದರೆ ಯಾರೂ ಬೈಯುವುದಿಲ್ಲ ನಿಜ. ಆದರೆ ಪಟ್ಟಿ ತಯಾರಾಗುವುದು ನೀವು ಬರೆದ ಅಂಕದ ಮೇಲೆ. ಶೇ. 91ರ ಸಾಲಿನಲ್ಲಿ ನಿಂತ ಹುಡುಗಿಯನ್ನು ಶೇ. 94ರ ಸಾಲಿಗೆ ಯಾರೂ ತಾವಾಗಿ ಕರೆದುಕೊಂಡು ಹೋಗುವುದಿಲ್ಲ. ಅಂತಿಮ ಪಟ್ಟಿ ಬಂದ ಮೇಲೆ ಬಹಳಷ್ಟು ಕಡೆ ಅಂಕ ಏರಿಸುವುದೇ ಇಲ್ಲ. ಕಡಿಮೆ ಬಿದ್ದ ಅಂಕಕ್ಕೇ ಅವಸರ ಜಾಸ್ತಿ.

ಅದೃಷ್ಟಕ್ಕೆ ತಿದ್ದುಪಡಿಗೆ ಕೊಟ್ಟ ಅವಧಿ ಇನ್ನೂ ಮುಗಿದಿರಲಿಲ್ಲ. ಲಾಗಿನ್ ಆಗಿ ನೋಡಿದರೆ ಅಂಕದ ಕಾಲಂ ತೆರೆದಿತ್ತು, ಹೆಸರಿನ ಕಾಲಂ ಬೂದು ಬಣ್ಣದಲ್ಲಿ ಬೀಗ ಬಿದ್ದಿತ್ತು. ಹೀಗೇ ಆಗುವುದು. ಹೆಸರು, ಹುಟ್ಟಿದ ದಿನಾಂಕ, ಮೊಬೈಲ್ ನಂಬರ್ ಮೊದಲ ನೋಂದಣಿಯಲ್ಲೇ ಕೂತುಬಿಡುತ್ತವೆ. ಅರ್ಜಿಯ ಒಳಗಿನಿಂದ ಅವನ್ನು ಬದಲಿಸಲು ಸಾಮಾನ್ಯವಾಗಿ ಬಿಡುವುದಿಲ್ಲ. ಹಾಗಾಗಿ ಅಂಕಕ್ಕೆ ಒಂದು ದಾರಿ, ಹೆಸರಿಗೆ ಇನ್ನೊಂದು ದಾರಿ.

ಅಂಕವನ್ನು ಅಲ್ಲೇ ತಿದ್ದಿದೆವು. ತಿದ್ದುವ ಅವಕಾಶ ಒಂದೇ ಸಲ ಇರಬಹುದು, ಅದಕ್ಕೇ ಮೊದಲು ಪೂರ್ತಿ ಹೋಲಿಸಿ ಆಮೇಲೆ ತೆರೆಯಬೇಕು. ಅಣ್ಣ 564 ಹಾಕಿ Save ಒತ್ತಿ ಎದ್ದುಬಿಟ್ಟ. ಪರದೆಯ ಮೇಲ್ತುದಿ ನೋಡಪ್ಪ ಅಂದೆ. ಮೊದಲು Submitted ಅಂತ ಇದ್ದ ಜಾಗದಲ್ಲಿ ಈಗ Draft ಅಂತ ಇತ್ತು. ತಿದ್ದಲು ತೆರೆದ ಕೂಡಲೇ ಅರ್ಜಿ ವಾಪಸ್ ಕರಡು ಆಗಿತ್ತು. ಹಾಗೇ ಬಿಟ್ಟಿದ್ದರೆ ಕೊನೆಯ ದಿನ ದಾಟಿದ ಮೇಲೆ ಅದು ಅರ್ಜಿಯೇ ಅಲ್ಲ. ಶುಲ್ಕ ಕಟ್ಟಿದ್ದರೂ ಅಷ್ಟೇ. ಎಲ್ಲ ಕಡೆ ಹೀಗಿರುವುದಿಲ್ಲ, ಆದರೆ ತಿದ್ದಿದ ಮೇಲೆ ಆ ಒಂದು ಪದ ನೋಡದೆ ಏಳಬೇಡಿ. ಮತ್ತೆ Submit ಒತ್ತಿಸಿ, ಹೊಸ ಪ್ರಿಂಟ್ ತೆಗೆಸಿ, ಹಳೆಯದರ ಹಿಂದೆ ಪಿನ್ ಹಾಕಿಸಿದೆ. ಹಳೆಯದನ್ನು ಹರಿಯಬಾರದು. ಏನು ಇತ್ತು, ಯಾವಾಗ ತಿದ್ದಿದಿರಿ ಅನ್ನುವುದಕ್ಕೆ ಅದೇ ಸಾಕ್ಷಿ.

ಹೆಸರಿಗೆ ಲಿಖಿತ ಮನವಿ ಬೇಕಿತ್ತು. ಅಣ್ಣ ಬರೆದು ತಂದ ಪತ್ರ ಒಂದೂವರೆ ಪುಟ ಇತ್ತು. ಆ ರಾತ್ರಿ ಕರೆಂಟ್ ಹೋಗಿದ್ದು, ಸರ್ವರ್ ನಿಧಾನ ಇದ್ದದ್ದು, ತಂಗಿ ಚೆನ್ನಾಗಿ ಓದುವುದು, ಎಲ್ಲ ಇತ್ತು. ಅರ್ಜಿ ಸಂಖ್ಯೆಯೇ ಇರಲಿಲ್ಲ. ಓದುವವರಿಗೆ ಬೇಕಾದದ್ದು ನಾಲ್ಕೇ ಸಾಲು. ನಾನು ಹೀಗೆ ಬರೆಸಿದೆ: "ನನ್ನ ಅರ್ಜಿ ಸಂಖ್ಯೆ ಇಂಥದ್ದು, ಪರೀಕ್ಷಾ ನೋಂದಣಿ ಸಂಖ್ಯೆ ಇಂಥದ್ದು. ಅರ್ಜಿದಾರರ ಹೆಸರಿನ ಕಾಲಂನಲ್ಲಿ SOUMYA RAMESH ಎಂದು ನಮೂದಾಗಿದೆ. ಅಂಕಪಟ್ಟಿಯಲ್ಲಿ ಇರುವಂತೆ SOWMYA R ಎಂದು ತಿದ್ದಬೇಕಾಗಿ ಕೋರುತ್ತೇನೆ. ಅಂಕಪಟ್ಟಿಯ ಪ್ರತಿ, ಸಲ್ಲಿಸಿದ ಅರ್ಜಿಯ ಪ್ರತಿ ಮತ್ತು ಗುರುತಿನ ಚೀಟಿಯ ಪ್ರತಿ ಲಗತ್ತಿಸಿದ್ದೇನೆ." ಕೆಳಗೆ ಸೌಮ್ಯಳ ಸಹಿ. ಅಣ್ಣನದಲ್ಲ, ಅರ್ಜಿದಾರರದ್ದೇ ಸಹಿ ಬೇಕು. ಇಮೇಲ್ ಕಳಿಸುವುದಾದರೆ ಅರ್ಜಿಯಲ್ಲಿ ಕೊಟ್ಟ ವಿಳಾಸದಿಂದಲೇ ಕಳಿಸಬೇಕು, ವಿಷಯದ ಸಾಲಿನಲ್ಲೇ ಅರ್ಜಿ ಸಂಖ್ಯೆ ಇರಬೇಕು. ಕೈಯಲ್ಲಿ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ದಿನಾಂಕ ಹಾಕಿದ ಸೀಲ್ ಹಾಕಿಸಿಕೊಳ್ಳಿ.

ಇನಿಶಿಯಲ್ ಅಥವಾ ಒಂದೆರಡು ಅಕ್ಷರದ ವ್ಯತ್ಯಾಸವಾದರೆ ಬಹಳ ಸಲ ಇಷ್ಟೇ ಸಾಕು. ವ್ಯತ್ಯಾಸ ದೊಡ್ಡದಿದ್ದರೆ, ಎರಡೂ ಹೆಸರು ಒಬ್ಬರದ್ದೇ ಅಂತ ಅಫಿಡವಿಟ್ ಕೇಳಬಹುದು. ಕೇಳುವ ಮೊದಲೇ ಮಾಡಿಸಿ ದುಡ್ಡು ಹಾಕಬೇಡಿ. ಯಾವ ಮಾದರಿಯಲ್ಲಿ ಬೇಕು ಅಂತ ಕೇಳಿದವರೇ ಹೇಳುತ್ತಾರೆ.

ಮೂರು ದಿನ ಬಿಟ್ಟು ಸೌಮ್ಯಳಿಗೆ ಹೆಲ್ಪ್‌ಡೆಸ್ಕಿನಿಂದ Resolved ಅಂತ ಮೆಸೇಜ್ ಬಂತು. ಲಾಗಿನ್ ಆಗಿ ನೋಡಿದರೆ ಹೆಸರು ಹಾಗೇ ಇತ್ತು. ಮನವಿ ಓದಿ ಒಪ್ಪಿದವರು ಒಬ್ಬರು, ಡೇಟಾದಲ್ಲಿ ಬದಲಿಸುವವರು ಇನ್ನೊಬ್ಬರು. ಇಬ್ಬರ ನಡುವೆ ಕೆಲಸ ನಿಂತಿತ್ತು. ಅದೇ ದೂರಿನ ಸಂಖ್ಯೆ ಹಾಕಿ ಮತ್ತೆ ಬರೆದ ಮೇಲೆ ಹೆಸರು ಬದಲಾಯಿತು. ತಾತ್ಕಾಲಿಕ ಪಟ್ಟಿ ಬಂದ ದಿನವೂ ಹೆಸರು, ಅಂಕ ಎರಡನ್ನೂ ನೋಡಲು ಹೇಳಿದ್ದೆ, ಯಾಕೆಂದರೆ ಆಕ್ಷೇಪಣೆಗೆ ಕೊಡುವ ದಿನಗಳು ತುಂಬಾ ಕಡಿಮೆ.

ಇದೆಲ್ಲ ಮಾರ್ಕ್ಸ್ ಕಾರ್ಡ್ ಸರಿ ಇದ್ದಾಗಿನ ಮಾತು. ಕಾರ್ಡಿನಲ್ಲೇ ತಪ್ಪು ಅಚ್ಚಾಗಿದ್ದರೆ? ಆಗಲೂ ಅರ್ಜಿ ಕಾರ್ಡಿನಂತೆಯೇ ಇರಲಿ. ಅರ್ಜಿಯಲ್ಲಿ ಮಾತ್ರ "ಸರಿಯಾದ" ಹೆಸರು ಬರೆಯುವುದೇ ನಾನು ನೋಡುವ ದೊಡ್ಡ ತೊಡಕು. ಕಾರ್ಡನ್ನು ತಿದ್ದುವ ಅಧಿಕಾರ ವಿಶ್ವವಿದ್ಯಾಲಯಕ್ಕಿಲ್ಲ, ಅದು ಪರೀಕ್ಷಾ ಮಂಡಳಿಯ ಕೆಲಸ. ಸಾಮಾನ್ಯವಾಗಿ ಓದಿದ ಶಾಲೆ ಅಥವಾ ಕಾಲೇಜಿನ ಮೂಲಕ ಮನವಿ ಹೋಗಬೇಕು, ಅಲ್ಲಿನ ದಾಖಲಾತಿ ಪುಸ್ತಕದಲ್ಲಿ ಹೆಸರು ಹೇಗಿದೆ ಅನ್ನುವುದೇ ಆಧಾರ. ಇದಕ್ಕೆ ಸಮಯ ಹಿಡಿಯುತ್ತದೆ, ಪ್ರವೇಶದ ಕೊನೆಯ ದಿನ ಕಾಯುವುದಿಲ್ಲ. ಮಂಡಳಿಗೆ ಮನವಿ ಕೊಟ್ಟ ರಸೀದಿ ತೋರಿಸಿ, ತಿದ್ದಿದ ಕಾರ್ಡನ್ನು ಇಂಥ ದಿನದೊಳಗೆ ಕೊಡುತ್ತೇನೆ ಅಂತ ಮುಚ್ಚಳಿಕೆ ಬರೆದುಕೊಟ್ಟರೆ ತಾತ್ಕಾಲಿಕ ಪ್ರವೇಶ ಸಿಗುತ್ತದಾ ಅಂತ ಕೇಳಿ.

ದಾಖಲೆ ಪರಿಶೀಲನೆಯ ದಿನ ಸೌಮ್ಯ ಪಿನ್ ಹಾಕಿದ ಎರಡು ಪ್ರಿಂಟ್, ಸೀಲ್ ಇದ್ದ ಮನವಿ, ಮೂಲ ಕಾರ್ಡ್ ತಂದಿದ್ದಳು. ಐದು ನಿಮಿಷದಲ್ಲಿ ಮುಗಿಯಿತು. ಹೋಗುವಾಗ ಅಣ್ಣ ಕೇಳಿದ, "ಮೇಡಂ, ಗುರುತಿನ ಚೀಟೀಲಿ ಇನ್ನೂ ಬೇರೆ ಥರ ಇದೆಯಲ್ಲ?" ಅದನ್ನೇ ಬದಲಿಸಿ ಮಾರ್ಕ್ಸ್ ಕಾರ್ಡಿಗೆ ಹೊಂದಿಸಿ ಅಂದೆ. ಗುರುತಿನ ಚೀಟಿ ತಿದ್ದುವುದು ಅಂಕಪಟ್ಟಿ ತಿದ್ದುವುದಕ್ಕಿಂತ ಸುಲಭ. ಇಲ್ಲ, ನನಗೆ U ಇರುವ ಹೆಸರೇ ಬೇಕು ಅಂತ ಸೌಮ್ಯಳಿಗೆ ಅನಿಸಿದರೆ, ಪದವಿ ಪ್ರಮಾಣಪತ್ರ ಅಚ್ಚಾಗುವ ಮೊದಲೇ ಮಂಡಳಿಯಿಂದ ಶುರುಮಾಡಬೇಕು. ಆಮೇಲೆ ತಿದ್ದಬೇಕಾದ ಕಾಗದಗಳು ಇನ್ನೂ ಜಾಸ್ತಿ ಆಗುತ್ತವೆ.