‘ಕೊಡ್ತೀನಿ’ ಅಂದಾಗಲೆಲ್ಲ ಮೂರು ವರ್ಷ ಹೊಸದಾಗಿ ಶುರುವಾಗುತ್ತದೆಯೇ?

ಪ್ರಶ್ನೆ: ನಮ್ಮದು ಸಣ್ಣ ಫ್ಯಾಬ್ರಿಕೇಶನ್ ವರ್ಕ್‌ಶಾಪ್. ಒಬ್ಬ ಕಂಟ್ರಾಕ್ಟರ್‌ಗೆ ಗ್ರಿಲ್, ರೇಲಿಂಗ್ ಮಾಡಿಕೊಟ್ಟು ತಿಂಗಳುಗಳಾದವು. ಕೇಳಿದಾಗಲೆಲ್ಲ ಒಂದೊಂದು ವಾಯಿದೆ ಹೇಳುತ್ತಾರೆ. ನೋಟಿಸ್ ಕೊಡುವ ಮೊದಲು ಎಲ್ಲವನ್ನೂ ದಿನಾಂಕದ ಪ್ರಕಾರ ಬರೆದಿಡಿ ಎಂದು ವಕೀಲರು ಅಂದರು. ಹೇಗೆ ಬರೆಯುವುದು? ಹೇಗೂ ಅವರು ಪ್ರತಿ ಸಲ ‘ಕೊಡ್ತೀನಿ’ ಅನ್ನುತ್ತಿರುವುದರಿಂದ ದಾವೆ ಹಾಕಲು ಇರುವ ಮೂರು ವರ್ಷದ ಗಡುವು ಮುಂದಕ್ಕೆ ಹೋಗುತ್ತಲೇ ಇರುತ್ತದಲ್ಲವೇ?

ಉತ್ತರ: ಹೋಗುವುದಿಲ್ಲ. ಈ ಮಾತನ್ನು ಎಷ್ಟು ಸಲ ಬರೆದರೂ ಅದೇ ನಂಬಿಕೆ ಮತ್ತೆ ಮತ್ತೆ ಬರುತ್ತದೆ. ಹಾಗಾಗಿ ಪಟ್ಟಿ ಹೇಗಿರಬೇಕು ಎಂಬುದನ್ನು ಮೊದಲು ಹೇಳಿ, ಆಮೇಲೆ ಈ ನಂಬಿಕೆಯನ್ನು ಬುಡದಿಂದ ನೋಡೋಣ.

ಒಂದು ಲೆಕ್ಕ ಇಟ್ಟುಕೊಳ್ಳೋಣ. ಕೆಲಸದ ಬೆಲೆ ಎರಡು ಲಕ್ಷ, ಶೇ. 18 ಜಿಎಸ್‌ಟಿ ಸೇರಿ ಬಿಲ್ಲು ರೂ. 2,36,000. ಆರ್ಡರ್ ಕೊಟ್ಟಾಗ ಬಂದ ಅಡ್ವಾನ್ಸ್ ರೂ. 50,000. ಕೆಲಸ ಮುಗಿದು ಚಲನ್‌ಗೆ ಸಹಿ ಬಿದ್ದು ಬಿಲ್ಲು ಕೊಟ್ಟ ದಿನ 12-03-2025. ಬಿಲ್ಲಿನಲ್ಲಿ 30 ದಿನದ ಗಡುವಿದೆ, ಅಂದರೆ 11-04-2025. ಬಾಕಿ ರೂ. 1,86,000.

ಪಟ್ಟಿಗೆ ಆರು ಅಂಕಣ ಸಾಕು: ದಿನಾಂಕ, ಯಾವುದರ ಮೂಲಕ ಮಾತಾಯಿತು, ಅವರು ಹೇಳಿದ್ದು ಅವರದೇ ಮಾತಿನಲ್ಲಿ, ಹೇಳಿದ ವಾಯಿದೆ ಮತ್ತು ಮೊತ್ತ, ಆ ದಿನದ ಬಾಕಿ, ದಾಖಲೆಯ ನಂಬರು. ಬಹಳ ಜನ ವಾಯಿದೆಯನ್ನು ಮಾತ್ರ ಬರೆಯುತ್ತಾರೆ, ಅದು ತಪ್ಪಿದ ದಿನವನ್ನು ಬರೆಯುವುದಿಲ್ಲ. ಆದರೆ ಮಾತು ಮುರಿದದ್ದನ್ನು ತೋರಿಸುವುದೇ ಆ ಎರಡನೆಯ ಸಾಲು. 15-04-2025ರಂದು ಫೋನಿನಲ್ಲಿ ‘ತಿಂಗಳ ಕೊನೆಗೆ ಕ್ಲಿಯರ್ ಮಾಡ್ತೀನಿ’ ಅಂದರೆ ಅದೊಂದು ಸಾಲು. 30-04-2025, ‘ಹಣ ಬಂದಿಲ್ಲ, ಬಾಕಿ 1,86,000’ ಎಂಬುದು ಇನ್ನೊಂದು ಸಾಲು. ಅದರ ದಾಖಲೆ ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟಿನ ಆ ಪುಟ.

ಫೋನಿನ ಮಾತು ಗಾಳಿಯಲ್ಲಿ ಹೋಗುತ್ತದೆ. ಕರೆ ಮುಗಿದ ಹತ್ತು ನಿಮಿಷದೊಳಗೆ ಒಂದು ಮೆಸೇಜ್ ಹಾಕಿ: ‘ಸರ್, ಈಗ ಫೋನಿನಲ್ಲಿ ಮಾತಾಡಿದ ಪ್ರಕಾರ, 12-03-2025ರ ಬಿಲ್ಲಿನ ಬಾಕಿ ರೂ. 1,86,000 ಅನ್ನು 30-04-2025ರೊಳಗೆ ಕೊಡುವುದಾಗಿ ಹೇಳಿದ್ದೀರಿ. ನಾನು ತಪ್ಪಾಗಿ ಕೇಳಿಸಿಕೊಂಡಿದ್ದರೆ ತಿಳಿಸಿ. ಬಿಲ್ಲಿನ ಮೂಲ ಗಡುವು 11-04-2025 ಹಾಗೆಯೇ ಇರುತ್ತದೆ.’ ಈ ಕೊನೆಯ ವಾಕ್ಯವನ್ನು ಬಿಡಬೇಡಿ. ‘ಆಯ್ತು ಸರ್, ಜೂನ್‌ಗೇ ಕೊಡಿ’ ಎಂದು ನೀವು ಬರೆದಿದ್ದರೆ, ನೀವೇ ಗಡುವು ಮುಂದೂಡಿದಿರಿ, ಅಲ್ಲಿಯವರೆಗೆ ಬಡ್ಡಿ ಕೇಳುವಂತಿಲ್ಲ ಎಂದು ಎದುರು ವಕೀಲರು ವಾದಿಸುತ್ತಾರೆ. ಅವರು ಹೇಳಿದ್ದನ್ನು ಬರೆದುಕೊಳ್ಳಿ, ಒಪ್ಪಿಗೆ ಕೊಡಬೇಡಿ.

ಬಾಕಿಯ ಅಂಕಣ ಯಾಕೆ ಎಂದು ಕೇಳುವವರಿದ್ದಾರೆ. ನಮ್ಮ ಲೆಕ್ಕದಲ್ಲಿ 02-06-2025ರಂದು ಅವರು ಯುಪಿಐನಲ್ಲಿ ರೂ. 20,000 ಹಾಕುತ್ತಾರೆ. ಬಾಕಿ 1,66,000 ಆಯಿತು. ಎರಡು ತಿಂಗಳ ನಂತರ ಸಿಟ್ಟಿನಲ್ಲಿ ಕೊಟ್ಟ ನೋಟಿಸಿನಲ್ಲಿ ಹಳೆಯ 1,86,000 ಉಳಿದುಬಿಟ್ಟರೆ, ಉತ್ತರದ ಮೊದಲ ಸಾಲೇ ‘ನಿಮ್ಮ ಲೆಕ್ಕವೇ ಸುಳ್ಳು’ ಎಂದಿರುತ್ತದೆ. ಅವರು ಟಿಡಿಎಸ್ ಹಿಡಿದಿದ್ದರೆ ಅದನ್ನೂ ಕಳೆಯಬೇಕು. ನಿಮ್ಮ 26ಎಎಸ್ ತೆಗೆದು ನೋಡಿ. ಅಲ್ಲಿ ಅವರ ಹೆಸರಿನಲ್ಲಿ ಕಡಿತ ಕಂಡರೆ, ನಿಮ್ಮ ಬಿಲ್ಲನ್ನು ಅವರು ತಮ್ಮ ಪುಸ್ತಕಕ್ಕೆ ಸೇರಿಸಿದ್ದಾರೆ ಎಂಬುದಕ್ಕೂ ಅದೊಂದು ಪೂರಕ ಸಾಕ್ಷಿ.

ಈಗ ಆ ನಂಬಿಕೆಗೆ ಬರೋಣ. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಇಂಥ ಬಾಕಿಗೆ ದಾವೆ ಹಾಕಲು ಮೂರು ವರ್ಷ. ಸರಕು ಕೊಟ್ಟ ದಿನದಿಂದಲೋ, ಕೆಲಸ ಮುಗಿದ ದಿನದಿಂದಲೋ, ಬಿಲ್ಲಿನ ಗಡುವು ಮುಗಿದ ದಿನದಿಂದಲೋ ಎಂಬುದು ವ್ಯವಹಾರದ ಬಗೆಯ ಮೇಲೆ ನಿಂತಿದೆ. ಸಂಶಯವಿದ್ದರೆ ಎಲ್ಲಕ್ಕಿಂತ ಮುಂಚಿನ ದಿನ ಹಿಡಿಯಿರಿ. ನಮ್ಮ ಲೆಕ್ಕದಲ್ಲಿ ಅದು 12-03-2025, ಹಾಗಾಗಿ ಕೊನೆಯ ದಿನ 12-03-2028. ಪಟ್ಟಿಯ ನೆತ್ತಿಯ ಮೇಲೆ ಈ ದಿನಾಂಕವನ್ನು ಕೆಂಪು ಶಾಯಿಯಲ್ಲಿ ಬರೆದಿಡಿ.

ಈ ಗಡುವು ಹೊಸದಾಗಿ ಶುರುವಾಗಬೇಕಾದರೆ ಸೆಕ್ಷನ್ 18 ಮೂರು ಸಂಗತಿಗಳನ್ನು ಕೇಳುತ್ತದೆ. ಸಾಲ ಇದೆ ಎಂಬ ಒಪ್ಪಿಗೆ ಬರಹದಲ್ಲಿರಬೇಕು. ಅದಕ್ಕೆ ಕೊಡಬೇಕಾದವರ ಸಹಿ, ಇಲ್ಲವೇ ಅವರು ಅಧಿಕಾರ ಕೊಟ್ಟವರ ಸಹಿ ಇರಬೇಕು. ಮತ್ತು ಅದು ಗಡುವು ಮುಗಿಯುವ ಮೊದಲೇ ಆಗಿರಬೇಕು. ಮೂರರಲ್ಲಿ ಒಂದು ತಪ್ಪಿದರೂ ಗಡಿಯಾರ ಹಳೆಯ ಲೆಕ್ಕದಲ್ಲೇ ಓಡುತ್ತದೆ.

ಇದನ್ನು ನಿಮ್ಮ ಪಟ್ಟಿಯ ಮೇಲಿಟ್ಟು ನೋಡಿ. ಫೋನಿನಲ್ಲಿ ಇಪ್ಪತ್ತು ಸಲ ‘ಕೊಡ್ತೀನಿ’ ಅಂದದ್ದು ಬರಹವಲ್ಲ. ವಾಯ್ಸ್ ಮೆಸೇಜು ಅವರ ಸ್ವಂತ ದನಿಯೇ ಆದರೂ ಸಹಿಯಾದ ಬರಹವಲ್ಲ. ಸಾಲ ಇತ್ತು ಎಂದು ತೋರಿಸಲು ಅದು ಒಳ್ಳೆಯ ಸಾಕ್ಷಿ, ಗಡುವು ಹೊಸದಾಗಲು ಸಾಲದು. ನೀವು ಕಳಿಸಿದ ನೆನಪೋಲೆಗಳು ನಿಮ್ಮ ಬರಹ, ಅವರದಲ್ಲ. ನೀಲಿ ಟಿಕ್ ಓದಿದ್ದಕ್ಕೆ ಗುರುತು, ಒಪ್ಪಿದ್ದಕ್ಕಲ್ಲ. ಸೈಟ್ ಸೂಪರ್‌ವೈಸರ್ ಬರೆದುಕೊಟ್ಟ ಚೀಟಿ, ಅವರಿಗೆ ಹಾಗೆ ಬರೆದುಕೊಡುವ ಅಧಿಕಾರ ಇತ್ತೆಂದು ತೋರಿಸಲಾಗದಿದ್ದರೆ ನಿಲ್ಲುವುದಿಲ್ಲ. ಇನ್ನು ವಕೀಲರ ನೋಟಿಸು. ನೋಟಿಸ್ ಕೊಟ್ಟ ದಿನದಿಂದ ಮೂರು ವರ್ಷ ಎಂದು ಎಷ್ಟೋ ಜನ ನಿರಾಳವಾಗಿ ಕೂತಿರುತ್ತಾರೆ. ನೋಟಿಸು ಗಡುವನ್ನು ಒಂದು ದಿನವೂ ಮುಂದಕ್ಕೆ ತಳ್ಳುವುದಿಲ್ಲ.

ಹಾಗಾದರೆ ಯಾವುದು ತಳ್ಳುತ್ತದೆ? ನಮ್ಮ ಲೆಕ್ಕದಲ್ಲಿ 20-06-2025ರಂದು ಅವರು ತಮ್ಮ ಇ-ಮೇಲಿನಿಂದ, ಕೆಳಗೆ ಹೆಸರು ಹಾಕಿ ಬರೆಯುತ್ತಾರೆ: ‘ನಿಮ್ಮ ಬಾಕಿ 1,66,000 ಅನ್ನು ಎರಡು ಕಂತಿನಲ್ಲಿ, ಜುಲೈ 10 ಮತ್ತು ಆಗಸ್ಟ್ 11ಕ್ಕೆ ಕೊಡುತ್ತೇವೆ.’ ಇಡೀ ಪಟ್ಟಿಯಲ್ಲಿ ಚಿನ್ನದಂಥ ಸಾಲು ಇದೊಂದೇ. ಇ-ಮೇಲಿನಲ್ಲಿ ಸಾಲ ಒಪ್ಪಿಕೊಂಡದ್ದನ್ನು ಸೆಕ್ಷನ್ 18ರ ಒಪ್ಪಿಗೆಯಾಗಿ ಕರ್ನಾಟಕ ಹೈಕೋರ್ಟ್ 2013ರ ಒಂದು ತೀರ್ಪಿನಲ್ಲಿ ಸ್ವೀಕರಿಸಿದೆ. ಹಾಗೆ ನಿಂತರೆ ಹೊಸ ಮೂರು ವರ್ಷ 20-06-2025ರಿಂದ. ವಾಟ್ಸಾಪಿನ ಅಕ್ಷರದ ಮೆಸೇಜಿನಲ್ಲಿ ಸಹಿ ಎಲ್ಲಿದೆ ಎಂಬ ವಾದಕ್ಕೆ ಜಾಗ ಉಳಿಯುತ್ತದೆ. ಆದ್ದರಿಂದ ಅಲ್ಲಿ ಒಪ್ಪಿಕೊಂಡವರಿಂದ ಅದನ್ನೇ ಇ-ಮೇಲಿನಲ್ಲೋ, ಲೆಟರ್‌ಹೆಡ್ಡಿನಲ್ಲಿ ಸಹಿ ಹಾಕಿಸಿಯೋ ತೆಗೆದುಕೊಳ್ಳಿ. ‘ಬಾಕಿ ದೃಢೀಕರಣ’ ಎಂದು ತಲೆಬರಹ ಹಾಕಿ, ಮೊತ್ತ ಬರೆದು, ಮಾರ್ಚ್ ಕೊನೆಗೆ ಲೆಕ್ಕ ಮುಗಿಸುವಾಗ ಕಳಿಸಿದರೆ ಸಹಿ ಹಾಕುವವರೇ ಹೆಚ್ಚು, ಏಕೆಂದರೆ ಅವರ ಆಡಿಟರಿಗೂ ಅದು ಬೇಕಾಗುತ್ತದೆ.

ಒಪ್ಪಿಗೆಯ ಮಾತು ಸಿಹಿಯಾಗಿಯೇ ಇರಬೇಕಿಲ್ಲ. ‘ನಿಮ್ಮ ಬಾಕಿ ಇದೆ, ಆದರೆ ಈಗ ಕೊಡುವುದಿಲ್ಲ’ ಎಂದು ಸಹಿ ಹಾಕಿ ಬರೆದರೂ ಅದು ಒಪ್ಪಿಗೆಯೇ. ಕೊಡಲು ನಿರಾಕರಿಸಿದ್ದರಿಂದ ಒಪ್ಪಿಗೆ ಹೋಗುವುದಿಲ್ಲ ಎಂದು ಸೆಕ್ಷನ್ 18ರ ವಿವರಣೆಯಲ್ಲೇ ಇದೆ. ಸಿಟ್ಟಿನ ಉತ್ತರ ಬಂತೆಂದು ಇಂಥ ಪತ್ರವನ್ನು ಹರಿದುಹಾಕಿದವರಿದ್ದಾರೆ.

ಆ 20,000 ರೂಪಾಯಿಗೂ ಇದೇ ನಿಯಮದ ನೆರಳಿದೆ. ಸೆಕ್ಷನ್ 19ರ ಪ್ರಕಾರ ಭಾಗಶಃ ಪಾವತಿಯಿಂದಲೂ ಗಡುವು ಹೊಸದಾಗುತ್ತದೆ, ಆದರೆ ಆ ಪಾವತಿಯ ಬಗ್ಗೆ ಕೊಟ್ಟವರ ಕೈಬರಹವೋ ಸಹಿಯೋ ಇರುವ ದಾಖಲೆ ಬೇಕು. ಬರೀ ಯುಪಿಐ ಸಂದೇಶವನ್ನು ನಂಬಿ ಕೂರಬೇಡಿ. ಹಣ ಬಂದ ದಿನವೇ ‘ಇಂಥ ಬಿಲ್ಲಿನ ಬಾಬ್ತು 20,000 ಬಂದಿದೆ, ಉಳಿದದ್ದು 1,66,000, ದೃಢಪಡಿಸಿ’ ಎಂದು ಇ-ಮೇಲ್ ಕಳಿಸಿ ಉತ್ತರ ಪಡೆಯಿರಿ.

ಮೂರನೆಯ ಷರತ್ತನ್ನು ಮರೆತು ಕೈಸುಟ್ಟುಕೊಂಡವರು ಬಹಳ. ಜೂನ್‌ನ ಇ-ಮೇಲಾಗಲಿ, 20,000ದ ಬಗ್ಗೆ ಬರಹದ ಉತ್ತರವಾಗಲಿ ಬಂದೇ ಇಲ್ಲ ಅಂದುಕೊಳ್ಳಿ. 05-03-2028ರಂದು ಸಹಿಯ ಒಪ್ಪಿಗೆ ಸಿಕ್ಕರೆ ಪೂರ್ತಿ ಮೂರು ವರ್ಷ ಸಿಗುತ್ತದೆ. ಅದೇ ಕಾಗದ 05-04-2028ರಂದು ಸಿಕ್ಕರೆ ಸೆಕ್ಷನ್ 18ರಡಿ ಏನೂ ಸಿಗದು. ಸತ್ತ ಸಾಲವನ್ನು ಒಪ್ಪಿಗೆ ಬದುಕಿಸುವುದಿಲ್ಲ. ಆಗ ಉಳಿಯುವುದು ಕರಾರು ಕಾಯ್ದೆಯ ಸೆಕ್ಷನ್ 25(3) ಮಾತ್ರ. ಅದಕ್ಕೆ ‘ಬಾಕಿ ಇದೆ’ ಅಂದರೆ ಸಾಲದು, ‘ಕೊಡುತ್ತೇನೆ’ ಎಂಬ ಹೊಸ ಮಾತೇ ಬರಹದಲ್ಲಿ, ಸಹಿಯೊಂದಿಗೆ ಬೇಕು.

ಹಾಗಾದರೆ ಸಹಿ ಇಲ್ಲದ ಆ ಇಪ್ಪತ್ತು ವಾಯಿದೆಗಳನ್ನು ಬರೆಯುವುದು ದಂಡವೇ? ಅಲ್ಲ. ‘ಕೆಲಸ ಸರಿಯಿಲ್ಲ, ಅದಕ್ಕೇ ಹಣ ಹಿಡಿದಿದ್ದೇವೆ’ ಎಂಬ ಮಾತು ಸಾಮಾನ್ಯವಾಗಿ ನೋಟಿಸಿನ ಉತ್ತರದಲ್ಲೇ ಮೊದಲ ಸಲ ಕಾಣಿಸಿಕೊಳ್ಳುತ್ತದೆ. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಪ್ರತಿ ಸಲ ಅವರು ಕೊಟ್ಟ ಕಾರಣ ‘ಓನರ್ ಕಡೆಯಿಂದ ಬಿಲ್ ಪಾಸಾಗಿಲ್ಲ’ ಎಂದೇ ಇದ್ದು, ರೇಲಿಂಗಿನ ವೆಲ್ಡಿಂಗ್ ಬಗ್ಗೆ ಒಂದಕ್ಷರವೂ ಇಲ್ಲದಿದ್ದರೆ, ಆ ಹೊಸ ಆಕ್ಷೇಪ ಬಲ ಕಳೆದುಕೊಳ್ಳುತ್ತದೆ. ಅದಕ್ಕೇ ಅವರ ಮಾತನ್ನು ಅವರದೇ ಪದಗಳಲ್ಲಿ ಬರೆಯಿರಿ ಎಂದದ್ದು. ‘ಸುಳ್ಳು ಹೇಳಿದ’, ‘ಸತಾಯಿಸಿದ’ ಎಂಬಂಥ ನಿಮ್ಮ ಪದಗಳನ್ನು ಪಟ್ಟಿಯಿಂದ ಹೊರಗಿಡಿ. ಅವರು ನಿಜವಾಗಿಯೂ ಕೆಲಸದ ಬಗ್ಗೆ ದೂರು ಹೇಳಿದ್ದರೆ ಅದನ್ನೂ, ನೀವು ಹೋಗಿ ಸರಿಮಾಡಿದ ದಿನವನ್ನೂ ಸೇರಿಸಿ. ನಿಮಗೆ ಬೇಡದ ಸಾಲನ್ನು ಬಿಟ್ಟರೆ ಎದುರಿನವರು ಅದನ್ನೇ ಹಿಡಿದು ತರುತ್ತಾರೆ.

ದಾಖಲೆ ಉಳಿಸುವ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಬೇಕಾದ ನಾಲ್ಕು ಸ್ಕ್ರೀನ್‌ಶಾಟ್ ಸಾಲದು, `Export chat` ಒತ್ತಿ ಪೂರ್ತಿ ಸಂಭಾಷಣೆಯನ್ನು ತೆಗೆದಿಡಿ. `Disappearing messages` ಆನ್ ಆಗಿದ್ದರೆ ಇವತ್ತೇ ಆಫ್ ಮಾಡಿ. ಹಳೆಯ ಫೋನನ್ನು ಎಕ್ಸ್‌ಚೇಂಜಿಗೆ ಕೊಡಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರಂತೆ, ಇಂಥ ದಾಖಲೆಯ ಪ್ರಿಂಟನ್ನು ಕೋರ್ಟಿಗೆ ಕೊಡುವಾಗ ಜೊತೆಗೆ ಪ್ರಮಾಣಪತ್ರ ಬೇಕು. ಮೂಲ ಫೋನ್ ಕೈಯಲ್ಲಿದ್ದರೆ ಆ ಕೆಲಸ ಹಗುರ.

ಜುಲೈ 10 ಹೋಯಿತು, ಆಗಸ್ಟ್ 11 ಹೋಯಿತು. ಬರಹದಲ್ಲಿ ಕೊಟ್ಟ ಎರಡು ವಾಯಿದೆ ಮುರಿದ ಮೇಲೆ ಮೂರನೆಯದಕ್ಕೆ ಕಾಯಬೇಕಿಲ್ಲ. ಪಟ್ಟಿಯನ್ನು, ದಾಖಲೆಗಳನ್ನು ನಂಬರಿನ ಕ್ರಮದಲ್ಲಿ ವಕೀಲರಿಗೆ ಕೊಡಿ. ಅವರು ಎಲ್ಲ ಸಾಲುಗಳನ್ನೂ ನೋಟಿಸಿಗೆ ತುಂಬುವುದಿಲ್ಲ. ಬಿಲ್ಲು, ಗಡುವು, ಭಾಗಶಃ ಪಾವತಿ, ಜೂನ್ 20ರ ಇ-ಮೇಲ್, ಮುರಿದ ಎರಡು ದಿನ, ಇಂದಿನ ಬಾಕಿ, ಇಷ್ಟು ಇದ್ದರೆ ನೋಟಿಸು ಗಟ್ಟಿ.

ಯಾರೂ ಕೇಳದಿದ್ದರೂ ಇದೊಂದನ್ನು ಹೇಳಲೇಬೇಕು. ವಾಯಿದೆಗಳ ನಡುವೆ ಅವರು ಚೆಕ್ ಕೊಟ್ಟು ‘ಈಗಲೇ ಹಾಕ್ಬೇಡಿ’ ಅಂದಿದ್ದರೆ, ಅದನ್ನು ಪಟ್ಟಿಯ ಇನ್ನೊಂದು ಸಾಲು ಎಂದುಕೊಂಡು ಬಿಡಬೇಡಿ. ಚೆಕ್ಕಿಗೆ ತನ್ನದೇ ಗಡಿಯಾರವಿದೆ. ಅದರ ಮೇಲಿನ ದಿನಾಂಕದಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. ವಾಪಸಾದ ಸುದ್ದಿ ಬ್ಯಾಂಕಿನಿಂದ ಬಂದ 30 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು. ನೋಟಿಸ್ ಅವರ ಕೈಸೇರಿದ ಮೇಲೆ ಹಣ ಕೊಡಲು 15 ದಿನ. ಆಗಲೂ ಕೊಡದಿದ್ದರೆ ಮುಂದಿನ ಒಂದು ತಿಂಗಳೊಳಗೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಸೆಕ್ಷನ್ 138ರಡಿ ಕೋರ್ಟಿಗೆ ದೂರು. ‘ಇನ್ನೊಂದು ವಾರ ತಡೀರಿ’ ಎಂಬ ಮಾತು ಹೆಚ್ಚಾಗಿ ಕೇಳಿಬರುವುದು ಈ 30 ದಿನಗಳ ಒಳಗೇ. ಬ್ಯಾಂಕಿನ ರಿಟರ್ನ್ ಮೆಮೊ ಕೈಗೆ ಬಂದ ದಿನ ಮೂವತ್ತನೆಯ ದಿನಾಂಕವನ್ನು ಅದರ ಮೇಲೆಯೇ ಬರೆದು, ಆ ವಾರದೊಳಗೆ ವಕೀಲರಿಗೆ ತಲುಪಿಸಿ.